ಪೆಡೆಸ್ಟಲ್ ವಾಶ್ ಬೇಸಿನ್: ಮೂರು ವರ್ಷ ಬಳಸಿದ ಮೇಲೆ

ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಈ ಬೇಸಿನ್ ಬಂದು ಮೂರು ವರ್ಷ ದಾಟಿದೆ. ಹೊಳಪು ಹಾಗೆಯೇ ಇದೆ, ಎಲ್ಲಿಯೂ ಕೂದಲೆಳೆಯಷ್ಟು ಬಿರುಕೂ ಇಲ್ಲ. ಆದರೆ ಪಿಂಗಾಣಿಯ ಗುಣಮಟ್ಟದ ಬಗ್ಗೆ ಬರೆಯುವುದಕ್ಕೆ ಹೆಚ್ಚೇನೂ ಇಲ್ಲ. ಈ ದರದಲ್ಲಿ ಎಲ್ಲ ಕಂಪನಿಗಳದ್ದೂ ಹೆಚ್ಚುಕಡಿಮೆ ಒಂದೇ. ಮೂರು ವರ್ಷ ನೆಮ್ಮದಿಯಾಗಿ ಕಳೆದದ್ದು ಅದನ್ನು ಕೂರಿಸಿದ ಬಗೆಯಿಂದ. ಅದನ್ನೇ ಇಲ್ಲಿ ವಿವರವಾಗಿ ಹೇಳುತ್ತೇನೆ.

ಪೆಡೆಸ್ಟಲ್ ಅಂದರೆ ಕೆಳಗಿನ ಕಂಬ. ಬೇಸಿನ್ನಿನ ಭಾರವನ್ನು ಅದೇ ಹೊರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಮ್ಮ ಪ್ಲಂಬರ್ ಕೂಡ, "ಸಾರ್, ಕಂಬ ಇದೆಯಲ್ಲ, ಬ್ರಾಕೆಟ್ ಯಾಕೆ? ಬಿಳಿ ಸಿಮೆಂಟ್ ಮೆತ್ತಿದರೆ ಅಲ್ಲಾಡುವುದಿಲ್ಲ" ಎಂದರು. ಅಲ್ಲಾಡುವುದಿಲ್ಲ, ನಿಜ. ಆದರೆ ಕಂಬದ ಮೇಲೆಯೇ ಭಾರ ಕೂತರೆ ಮುಂದೆ ಒಳಗಿನ ಬಾಟಲ್ ಟ್ರ್ಯಾಪ್, ಅಂದರೆ ಬೇಸಿನ್ನಿನಿಂದ ಇಳಿದ ನೀರು ಹಾದುಹೋಗುವ ಬಟ್ಟಲು, ಕಟ್ಟಿಕೊಂಡ ದಿನ ಕಂಬವನ್ನು ಈಚೆಗೆ ತೆಗೆಯುವಂತಿಲ್ಲ. ಇಡೀ ಬೇಸಿನ್ನನ್ನೇ ಬಿಚ್ಚಬೇಕು. ಗೋಡೆಗೆ ಬಿಗಿದ ಬ್ರಾಕೆಟ್ ಭಾರ ಹೊತ್ತರೆ ಕಂಬಕ್ಕೆ ಉಳಿಯುವುದು ಪೈಪು ಮುಚ್ಚುವ ಕೆಲಸ ಮಾತ್ರ. ನಾನು ಬ್ರಾಕೆಟ್ ಬೇಕೇ ಬೇಕು ಎಂದು ಹಟ ಹಿಡಿದೆ.

ಮೊದಲ ತಕರಾರು ಎದ್ದದ್ದು ಅಳತೆಯಲ್ಲಿ. ಪೈಪಿನ ಪಾಯಿಂಟ್‌ಗಳನ್ನು ಗೋಡೆಯೊಳಗೆ ಹೂಳುವಾಗ ನೆಲಕ್ಕೆ ಇನ್ನೂ ಟೈಲ್ಸ್ ಬಿದ್ದಿರಲಿಲ್ಲ. ಪ್ಲಂಬರ್ ಒರಟು ಕಾಂಕ್ರೀಟ್ ನೆಲಕ್ಕೆ ಟೇಪ್ ಒತ್ತಿ 55 ಸೆಂ.ಮೀ.ಗೆ ಗುರುತು ಹಾಕುತ್ತಿದ್ದರು. ಗಾರೆಯ ಹಾಸು ಮತ್ತು ಟೈಲ್ಸ್ ಸೇರಿದರೆ ನೆಲ ಇನ್ನೂ 6 ಸೆಂ.ಮೀ. ಮೇಲಕ್ಕೆ ಬರುತ್ತದೆ, ಆಗ ಆ 55 ಬರೀ 49 ಆಗುತ್ತದೆ. ಹಾಗಾಗಿ ಮೇಸ್ತ್ರಿಯಿಂದ ಟ್ಯೂಬ್ ಲೆವೆಲ್ ಹಿಡಿಸಿ, ಟೈಲ್ಸ್ ಆದ ಮೇಲಿನ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆಸಿದೆ. ಆಮೇಲೆ ಎಲ್ಲ ಅಳತೆಯೂ ಆ ಗೆರೆಯಿಂದ ಕೆಳಕ್ಕೆ. ಸ್ನಾನದ ಮನೆಯ ನೆಲಕ್ಕೆ ಇಳಿಜಾರು ಇರುವುದರಿಂದ, ಆ ಒಂದು ಮೀಟರ್ ಅನ್ನು ಕಂಬ ನಿಲ್ಲುವ ಜಾಗದಲ್ಲೇ ಹಿಡಿಯಬೇಕು, ಬಾಗಿಲ ಬಳಿ ಅಲ್ಲ.

ನಮ್ಮ ಕಂಬದ ಎತ್ತರ 67 ಸೆಂ.ಮೀ. ಬೇಸಿನ್ ಕೂತ ಮೇಲೆ ಅಂಚು ನೆಲದಿಂದ 83ಕ್ಕೆ ಬರುತ್ತದೆ. ಸಾಮಾನ್ಯ ಎತ್ತರದ ದೊಡ್ಡವರಿಗೆ 80ರಿಂದ 85 ಸರಿ. ನಲ್ಲಿಗೆ ಹೋಗುವ ನೀರನ್ನು ನಿಲ್ಲಿಸುವ ಆಂಗಲ್ ವಾಲ್ವ್‌ಗಳನ್ನು 55ಕ್ಕೆ, ನೀರು ಹೊರಹೋಗುವ ಪೈಪಿನ ಬಾಯನ್ನು ಅದಕ್ಕಿಂತ ತಗ್ಗಾಗಿ 48ಕ್ಕೆ ಇಡಿಸಿದೆ. ಈ ಹೊರಹೋಗುವ ಪೈಪಿನ ವಿಷಯದಲ್ಲಿ ಎಚ್ಚರ ಬೇಕು. ಅದು ಸ್ವಲ್ಪ ತಗ್ಗಾದರೆ ಬಾಟಲ್ ಟ್ರ್ಯಾಪಿನ ಮೇಲೆ ಉದ್ದನೆಯ ತುಂಡು ಪೈಪು ಹಾಕಿ ಸರಿದೂಗಿಸಬಹುದು. ಎತ್ತರವಾಯಿತೋ, ಬೇಸಿನ್ನಿನ ತಳದ ತೂತಿನಲ್ಲಿ ಕೂರುವ ಪಾಪ್-ಅಪ್ ವೇಸ್ಟಿನ ಬಾಲಕ್ಕೂ ಟ್ರ್ಯಾಪಿಗೂ ನಡುವೆ ಜಾಗವೇ ಉಳಿಯದೆ ಗೋಡೆ ಒಡೆಯಬೇಕಾಗುತ್ತದೆ.

ವಾಲ್ವ್‌ಗಳನ್ನು ಕಂಬದ ಹಿಂದೆ ಪೂರ್ತಿ ಮರೆಮಾಡಿದರೆ ನೋಡಲು ಚೆಂದ. ಆದರೆ ನಲ್ಲಿ ಸೋರಿದ ರಾತ್ರಿ ಅಲ್ಲಿಗೆ ಕೈ ಹೋಗುವುದಿಲ್ಲ. ನಾನು ನಡುಗೆರೆಯಿಂದ ಎರಡೂ ಬದಿಗೆ 10 ಸೆಂ.ಮೀ. ಬಿಟ್ಟು, ಎಡಕ್ಕೆ ಸೋಲಾರ್ ಬಿಸಿನೀರು, ಬಲಕ್ಕೆ ತಣ್ಣೀರು ಇಡಿಸಿದೆ. ವಾಲ್ವಿನ ಹಿಡಿಗಳು ಕಂಬದ ಪಕ್ಕದಲ್ಲಿ ತುಸು ಇಣುಕುತ್ತವೆ. ಬಂದ ನೆಂಟರು ಯಾರೂ ಈವರೆಗೆ ಅದನ್ನು ಎತ್ತಿ ಆಡಿಲ್ಲ.

ಟೈಲ್ಸ್ ಮುಗಿದ ಮೇಲೆ ಬ್ರಾಕೆಟ್ಟಿನ ಸರದಿ. ಕಂಬವನ್ನು ಜಾಗದಲ್ಲಿ ನಿಲ್ಲಿಸಿ, ಅದರ ತಲೆಯ ಮೇಲೆ ಹಳೆಯ ಮದುವೆ ಆಮಂತ್ರಣ ಪತ್ರಿಕೆಗಳನ್ನು ಮಡಿಚಿ ಸುಮಾರು 3 ಮಿ.ಮೀ. ದಪ್ಪಕ್ಕೆ ಇಟ್ಟು, ಅದರ ಮೇಲೆ ಬೇಸಿನ್ ಕೂರಿಸಿದೆವು. ಬೇಸಿನ್ನಿನ ಅಂಚಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ರಸಮಟ್ಟ ಇಟ್ಟು ನೋಡಿದೆವು. ಆ ಸ್ಥಿತಿಯಲ್ಲೇ ಬೇಸಿನ್ನಿನ ತಳಕ್ಕೆ ಬ್ರಾಕೆಟ್ಟನ್ನು ತಾಗಿಸಿ ಹಿಡಿದು, ಅದರ ತೂತುಗಳ ಗುರುತನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಹಾಕಿದೆವು. ಬ್ರಾಕೆಟ್ ಬಿಗಿದು ಕಾಗದ ತೆಗೆದಾಗ, ಬೇಸಿನ್ನಿಗೂ ಕಂಬಕ್ಕೂ ನಡುವೆ ಆ 3 ಮಿ.ಮೀ. ಸಂದು ಉಳಿಯಬೇಕು. ಉಳಿಯದಿದ್ದರೆ ಭಾರವೆಲ್ಲ ಕಂಬದ ಮೇಲೆ ಬಿದ್ದಿದೆ ಎಂದೇ ಅರ್ಥ.

ಟೈಲ್ಸ್ ದಾಟುವ ತನಕ ಡ್ರಿಲ್ಲಿನ ಹ್ಯಾಮರ್ ಆರಿಸಿರಬೇಕು, ಇಲ್ಲದಿದ್ದರೆ ಟೈಲ್ಸ್ ಸೀಳುತ್ತದೆ. ನಮ್ಮದು ಗಟ್ಟಿ ಸಿಮೆಂಟ್ ಬ್ಲಾಕಿನ ಗೋಡೆ, ಪ್ಲಗ್ ಚೆನ್ನಾಗಿ ಕಚ್ಚಿತು. ಟೊಳ್ಳು ಬ್ಲಾಕ್ ಆಗಿದ್ದರೆ ಆ ಜಾಗವನ್ನು ಮೊದಲೇ ಕಾಂಕ್ರೀಟ್ ತುಂಬಿ ಗಟ್ಟಿ ಮಾಡಿಸಿಕೊಳ್ಳಬೇಕು. ಬೇಸಿನ್ ಇಡುವ ಮುಂಚೆ ಖಾಲಿ ಬ್ರಾಕೆಟ್ ಮೇಲೆ ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಹೊರಿಸಿ ರಾತ್ರಿಯಿಡೀ ಬಿಟ್ಟೆ. ಪ್ಲಂಬರ್ ನಕ್ಕರು, ಬೆಳಿಗ್ಗೆ ಗುರುತಿನಿಂದ ಕದಲಿರಲಿಲ್ಲ.

ನಲ್ಲಿ ಮತ್ತು ಪಾಪ್-ಅಪ್ ವೇಸ್ಟನ್ನು ಬೇಸಿನ್ ನೆಲದ ಮೇಲಿರುವಾಗಲೇ ಜೋಡಿಸಬೇಕು, ಮೇಲೇರಿದ ಮೇಲೆ ಸ್ಪ್ಯಾನರ್ ತಿರುಗಿಸಲು ಜಾಗವಿರುವುದಿಲ್ಲ. ನಮ್ಮ ಬೇಸಿನ್ನಿನ ಒಳಗೋಡೆಯಲ್ಲಿ ಹೆಚ್ಚಾದ ನೀರು ಹರಿದುಹೋಗುವ ತೂತು ಇದೆ. ಅಂಥದ್ದಕ್ಕೆ ಹಾಫ್ ಥ್ರೆಡ್ ವೇಸ್ಟೇ ಬೇಕು. ಅದರ ಕತ್ತಿನಲ್ಲಿರುವ ಸೀಳುಗಳ ಮೂಲಕ ಆ ನೀರು ಒಳಗಿಳಿಯುತ್ತದೆ. ಅಂಗಡಿಯವರು ಕೊಟ್ಟದ್ದು ಫುಲ್ ಥ್ರೆಡ್. ಅದನ್ನು ಹಾಕಿದ್ದರೆ ಆ ನೀರಿಗೆ ದಾರಿಯೇ ಇಲ್ಲದೆ ಬೇಸಿನ್ ತುಳುಕುತ್ತಿತ್ತು. ಹಿಂದಿರುಗಿಸಿ ಬದಲಾಯಿಸಿಕೊಂಡೆ.

ಸೋರಿಕೆ ಪರೀಕ್ಷಿಸಲು ನಲ್ಲಿ ಬಿಟ್ಟು ನೋಡಿದರೆ ಸಾಲದು. ಬೇಸಿನ್ನನ್ನು ಭರ್ತಿ ತುಂಬಿಸಿ ಒಮ್ಮೆಲೇ ಬಿಡಬೇಕು. ಆಗ ಬೀಳುವ ನೀರಿನ ರಭಸಕ್ಕೆ ಸಡಿಲ ಇರುವ ಕಡೆ ಹನಿ ಒಸರುತ್ತದೆ. ಕೆಳಗೆ ಹರಡಿದ ವೃತ್ತಪತ್ರಿಕೆಯ ಮೇಲೆ ಒಂದು ಒದ್ದೆ ಚುಕ್ಕೆ ಕಂಡಿತು, ಟ್ರ್ಯಾಪಿನ ಮೇಲಿನ ನಟ್ಟು ಕೈಯಲ್ಲಿ ಇನ್ನೊಂದು ಕಾಲು ಸುತ್ತು ಬಿಗಿದ ಮೇಲೆ ನಿಂತಿತು. ಕೊನೆಗೆ ಬೇಸಿನ್ನಿಗೂ ಕಂಬಕ್ಕೂ ನಡುವಿನ ಆ 3 ಮಿ.ಮೀ. ಸಂದಿಗೆ ಬಿಳಿ ಸಿಮೆಂಟ್ ಬದಲು ಸಿಲಿಕಾನ್ ಎಳೆದೆವು.

ಇನ್ನು ದೂರು. ನಮ್ಮ ಬೋರ್‌ವೆಲ್ ನೀರು ಗಡಸು. ಒತ್ತಿದರೆ ಮುಚ್ಚುವ, ಮತ್ತೆ ಒತ್ತಿದರೆ ಏಳುವ ಈ ಪಾಪ್-ಅಪ್ ವರ್ಷ ತುಂಬುವುದರೊಳಗೆ ಮೇಲೇಳಲು ಮೊಂಡುತನ ತೋರಿತು. ಮುಚ್ಚಳವನ್ನು ಎಡಕ್ಕೆ ತಿರುಗಿಸಿ ಬಿಚ್ಚಿ ನೋಡಿದರೆ, ಸ್ಪ್ರಿಂಗ್ ಇರುವ ಕಡ್ಡಿಯ ಸುತ್ತ ಬಿಳಿ ಗಾರು, ಅದಕ್ಕೆ ಸುತ್ತಿಕೊಂಡ ಕೂದಲು. ರಾತ್ರಿ ವಿನೆಗರಿನಲ್ಲಿ ನೆನೆಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ, ಸರಿಹೋಯಿತು. ಆಸಿಡ್ ಬೇಡ, ಕ್ರೋಮಿನ ಹೊಳಪು ಎದ್ದುಹೋಗುತ್ತದೆ. ಈ ಸೇವೆ ಈಗ ಆಗಾಗ ನಡೆಯುತ್ತದೆ. ಗಡಸು ನೀರಿರುವ ಮನೆಗೆ ಸರಪಳಿ ಕಟ್ಟಿದ ರಬ್ಬರ್ ಬಿರಡೆಯೇ ಮೇಲು ಎಂದು ನನ್ನ ಹೆಂಡತಿಯ ತೀರ್ಪು, ನಾನು ವಾದಿಸುವುದಿಲ್ಲ.

ಕಳೆದ ಬೇಸಿಗೆಯಲ್ಲಿ ನೀರು ನಿಧಾನವಾಗಿ ಇಳಿಯತೊಡಗಿತು. ಸಿಲಿಕಾನಿನ ಎಳೆಯನ್ನು ಬ್ಲೇಡಿನಿಂದ ಕೊಯ್ದು, ಕಂಬದ ಬುಡವನ್ನು ಮುಂದಕ್ಕೆ ಎಳೆದು ಈಚೆಗೆ ತೆಗೆದೆ. ಬೇಸಿನ್ ಬ್ರಾಕೆಟ್ ಮೇಲೆ ಕದಲದೆ ಕೂತಿತ್ತು. ಟ್ರ್ಯಾಪಿನ ಬಟ್ಟಲು ಬಿಚ್ಚಿ, ಒಳಗಿನ ಸೋಪಿನ ಕೆಸರು ಮತ್ತು ಯಾರೋ ಕಳೆದುಕೊಂಡಿದ್ದ ಮೂಗುಬೊಟ್ಟನ್ನು ತೆಗೆದೆ. ಯಾರನ್ನೂ ಕರೆಸುವ ಅಗತ್ಯ ಬೀಳಲಿಲ್ಲ. ಆಗಲೇ ಬಿಸಿನೀರಿನ ವಾಲ್ವ್ ಗಾರು ಹಿಡಿದು ಬಿಗಿಯಾಗಿರುವುದೂ ಗೊತ್ತಾಯಿತು. ಈಗ ಒಂದೆರಡು ತಿಂಗಳಿಗೊಮ್ಮೆ ಎರಡೂ ವಾಲ್ವ್‌ಗಳನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯುತ್ತೇನೆ.