ಭಜನೆಗೆ ಧಾಟಿ: ಹೆಜ್ಜೆಯೋ, ಜಿಗಿತವೋ?

ಸಂಗೀತ ಕಲಿಯದವರೂ ಸೇರಿ ಹಾಡುವ ಭಜನೆಗೆ ಧಾಟಿ ಹಾಕುತ್ತಿದ್ದೀರಾ? ಶಂಕರಾಭರಣ ರಾಗದ ಸ್ವರಗಳಲ್ಲೇ ನೋಡೋಣ.

‘ಸ ರಿ ಗ ಮ | ಗ ರಿ ಸ’ ಪಕ್ಕದ ಸ್ವರಕ್ಕಷ್ಟೇ ಹೋಗುತ್ತದೆ. ಒಮ್ಮೆ ಕೇಳಿದರೆ ಸಾಕು, ಎಲ್ಲರೂ ಹಿಡಿಯುತ್ತಾರೆ. ಆದರೆ ಎಲ್ಲ ಸಾಲೂ ಹೀಗೇ ಇದ್ದರೆ ಒಂದಕ್ಕೊಂದು ಕಲಸಿಹೋಗುತ್ತವೆ. ಯಾವ ಸಾಲು ಮುಗಿಯಿತು ಅಂತಲೇ ಮರೆತುಹೋಗುತ್ತದೆ.

‘ಸ ಪ ಗ ನಿ’ ತರಹದ್ದು ಕಿವಿಗೆ ಹೊಸದು, ಗಂಟಲಿಗೆ ಕಷ್ಟ. ಗುಂಪು ನಿ ಮುಟ್ಟದೆ ದ ಹತ್ತಿರವೇ ನಿಲ್ಲುತ್ತದೆ, ಮುಂದಿನದೆಲ್ಲ ಇಳಿಯುತ್ತದೆ. ಕೊನೆಯ ಸ ಶ್ರುತಿಪೆಟ್ಟಿಗೆಗೆ ಕೂಡದಿದ್ದರೆ ಜಿಗಿತ ತಪ್ಪಿರಬಹುದು ಅಂತ ನೋಡಿ.

ನಾನಾದರೆ ಹೆಜ್ಜೆಯನ್ನೇ ಜಾಸ್ತಿ ಇಟ್ಟು, ಸಾಲಿಗೆ ಒಂದೇ ಜಿಗಿತ ಸೇರಿಸುತ್ತೇನೆ: ‘ಸ ಪ ಪ ಮ | ಗ ರಿ ಸ’. ಸ, ಪ ಎರಡೂ ಶ್ರುತಿಯಲ್ಲೇ ಕೇಳುತ್ತಿರುತ್ತವೆ, ಹಾಗಾಗಿ ಆ ಜಿಗಿತಕ್ಕೆ ಆಸರೆ ಸಿಗುತ್ತದೆ. ಪ ಎರಡು ಸಲ ಬಂದಾಗ ತಡವಾದವರೂ ಸೇರಿಕೊಳ್ಳುತ್ತಾರೆ. ಆಮೇಲೆ ಮೆಟ್ಟಿಲಿಳಿದ ಹಾಗೆ ವಾಪಸ್. ಈ ಜಿಗಿತ ಚರಣದ ಶುರುವಿನಲ್ಲಿರಲಿ, ಆಗ ಎಲ್ಲರೂ ಉಸಿರು ತೆಗೆದುಕೊಂಡಿರುತ್ತಾರೆ. ಮ–ನಿ ಜಿಗಿತ ಮಾತ್ರ ಬೇಡ. ಪಳಗಿದ ಗಂಟಲೂ ಅಲ್ಲಿ ತಡವರಿಸುತ್ತದೆ.