ಬಾಡಿಗೆ ಮನೆಗೆ ಬೋರ್ಡೋ, ಕರಪತ್ರವೋ?

ಮಡಿಕೇರಿಯಲ್ಲಿ ಎರಡನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲಾಟ್ ಬಾಡಿಗೆಗೆ ಕೊಡಬೇಕು ಎಂದುಕೊಳ್ಳಿ.

ಬೋರ್ಡನ್ನು ಜನ ನಡೆಯುತ್ತಲೋ ಸ್ಕೂಟರಿನಲ್ಲೋ ಓದುತ್ತಾರೆ. ‘ಮನೆ ಬಾಡಿಗೆಗಿದೆ, 2 ಬೆಡ್‌ರೂಮ್’, ಕೆಳಗೆ ಫೋನ್ ನಂಬರ್. ಇಷ್ಟೇ ಸಾಕು. ಮೂವತ್ತು ಅಡಿ ದೂರದಿಂದ ಸಲೀಸಾಗಿ ಓದಲು ಅಕ್ಷರ ಸುಮಾರು ಮೂರು ಇಂಚು ಎತ್ತರವಿರಲಿ. ಬಿಳಿ ಹಲಗೆಯ ಮೇಲೆ ಕಪ್ಪಕ್ಷರ ಚೆನ್ನಾಗಿ ಕಾಣುತ್ತದೆ. ಖಾಲಿ ಫ್ಲಾಟಿನ ಬಾಲ್ಕನಿಗೆ ಮಾತ್ರ ಕಟ್ಟಬೇಡಿ, ಯಾವ ಮನೆ ಖಾಲಿ ಎಂದು ಕಳ್ಳರಿಗೂ ತಿಳಿಯುತ್ತದೆ. ಕಟ್ಟಡದ ಗೇಟೇ ಸರಿಯಾದ ಜಾಗ.

ಕರಪತ್ರವನ್ನು ನಿಂತು ಓದುತ್ತಾರೆ. ಬಾಡಿಗೆ, ಅಡ್ವಾನ್ಸ್, ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಮಾಡಿರುವ ಜಾಗ, ಪಾರ್ಕಿಂಗ್, ಯಾವಾಗಿನಿಂದ ಲಭ್ಯ ಎಲ್ಲವನ್ನೂ ಅದರಲ್ಲಿ ಬರೆಯಿರಿ. ಬಡಾವಣೆಯ ಹೆಸರು ಸಾಕು. ಮನೆ ನಂಬರ್, ಬೀಗದ ಕೈ ಯಾರಲ್ಲಿದೆ, ಮಾಲೀಕರು ಊರಲ್ಲಿಲ್ಲ ಎಂಬುದು ಬೇಡ. ಜಾತಿ, ಊಟದ ಷರತ್ತುಗಳನ್ನೂ ಬರೆಯಬೇಡಿ, ಓದುವವರಿಗೆ ಅದು ಅವಮಾನ. ಇಂಕ್‌ಜೆಟ್ ಪ್ರಿಂಟ್ ನೀರು ತಾಗಿದರೆ ಹರಡುತ್ತದೆ, ಜೆರಾಕ್ಸ್ ಪ್ರತಿ ಹಾಗಾಗದು. ದಿನಸಿ ಅಂಗಡಿಯವರನ್ನು ಕೇಳಿ ಒಳಗೋಡೆಗೆ ಅಂಟಿಸಿ. ಕರೆಂಟ್ ಕಂಬಕ್ಕೆ ಅಂಟಿಸುವುದು ಕಾನೂನಿಗೆ ವಿರುದ್ಧ.

ಮನೆ ಮುಖ್ಯರಸ್ತೆಗೆ ಕಂಡರೆ ನಾನು ಬೋರ್ಡನ್ನೇ ಆರಿಸುವೆ. ಒಳದಾರಿಯಲ್ಲಿದ್ದರೆ ಕರಪತ್ರವೇ ಮೇಲು.