ಅರ್ಧ ಪೈಸೆಗೆ ಸಿಗುತ್ತಿದೆ ಅಂತ ಕಾಯಿನ್ ಕೊಳ್ಳುವವರು ದಯವಿಟ್ಟು ಓದಿ

ನಮ್ಮ ಭಾವ 2021ರ ದೀಪಾವಳಿಗೆ ಮುಂಚೆ ಶಿಬಾ ಇನು ಅನ್ನುವ ಕ್ರಿಪ್ಟೋ ಕಾಯಿನ್ ಮೇಲೆ ಎರಡು ಲಕ್ಷ ರೂಪಾಯಿ ಹಾಕಿದರು. ಅಕ್ಕನ ಬಳೆ ಗಿರವಿ ಇಟ್ಟು ತಂದ ದುಡ್ಡು ಅದು. ಆಗ ಒಂದು ಕಾಯಿನ್‌ಗೆ ಹೆಚ್ಚುಕಡಿಮೆ ಅರ್ಧ ಪೈಸೆ, ಹಾಗಾಗಿ ಎರಡು ಲಕ್ಷಕ್ಕೆ ನಾಲ್ಕು ಕೋಟಿ ಕಾಯಿನ್ ಬಂತು. ಕೊಳ್ಳಿ ಅಂತ ಹೇಳಿದ್ದು ಒಂದು ಟೆಲಿಗ್ರಾಂ ಗ್ರೂಪಿನ ಅಡ್ಮಿನ್. ಆತ ಸೇರಿಸಿಕೊಳ್ಳೋಕೆ ಫೀಸ್ ಬೇರೆ ತಗೊಂಡಿದ್ದ. ಅವನ ಮಾತು ಇಷ್ಟೇ: ಇದು ಒಂದು ರೂಪಾಯಿ ಆದರೆ ಸಾಕು, ನೀವು ಕೋಟ್ಯಧಿಪತಿ.

ನನಗೆ ವಿಷಯ ಗೊತ್ತಾಗಿದ್ದು ಹಬ್ಬದ ಊಟಕ್ಕೆ ಹೋದಾಗ. "ಭಾವ, ಒಂದು ರೂಪಾಯಿ ಹೇಗೆ ಆಗುತ್ತೆ?" ಅಂತ ಕೇಳಿದೆ. "ಬಿಟ್‌ಕಾಯಿನ್ 45 ಲಕ್ಷ ಆಗಿದೆ ಕಣೋ, ಇದು ಬರೀ ಒಂದು ರೂಪಾಯಿ ಆಗಲ್ವಾ?" ಅಂದರು. ಕೇಳೋಕೆ ಎಷ್ಟು ನ್ಯಾಯವಾಗಿದೆ ನೋಡಿ. ಈ ಒಂದು ಮಾತಿಗೆ ಎಷ್ಟು ಜನ ಬಿದ್ದಿದ್ದಾರೋ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಡ್ಮಿನ್ ಹೇಳದೇ ಬಿಟ್ಟಿದ್ದು ಒಂದೇ ಒಂದು ಸಂಖ್ಯೆ. ಆ ಕಾಯಿನ್ ಒಟ್ಟು ಎಷ್ಟಿವೆ ಅನ್ನೋದು. ಆಗ ಚಲಾವಣೆಯಲ್ಲಿದ್ದದ್ದು ಸುಮಾರು 550 ಲಕ್ಷ ಕೋಟಿ. ಹೌದು, ಲಕ್ಷ ಕೋಟಿ. ಅಂದರೆ ಒಂದೊಂದೂ ಒಂದು ರೂಪಾಯಿ ಆಗಬೇಕಾದರೆ ಎಲ್ಲಾ ಸೇರಿ 550 ಲಕ್ಷ ಕೋಟಿ ರೂಪಾಯಿ ಬೆಲೆ ಬಾಳಬೇಕು. ಆ ವರ್ಷ ಇಡೀ ಭಾರತದ ಜಿಡಿಪಿ ಸುಮಾರು 235 ಲಕ್ಷ ಕೋಟಿ. ನಮ್ಮ ದೇಶದ ಗದ್ದೆ, ಫ್ಯಾಕ್ಟರಿ, ಸಾಫ್ಟ್‌ವೇರ್ ಕಂಪನಿ, ಅಂಗಡಿ ಎಲ್ಲಾ ಸೇರಿ ಒಂದು ವರ್ಷದಲ್ಲಿ ದುಡಿದದ್ದರ ಎರಡು ಪಟ್ಟಿಗಿಂತ ಜಾಸ್ತಿ, ನಾಯಿ ಚಿತ್ರದ ಒಂದು ಕಾಯಿನ್‌ಗೆ. ಬಿಟ್‌ಕಾಯಿನ್ 45 ಲಕ್ಷ ಆಗಿದ್ದು ನಿಜ, ಆದರೆ ಅದು ಎಷ್ಟೇ ತಯಾರಾದರೂ 2.1 ಕೋಟಿ ದಾಟುವ ಹಾಗಿಲ್ಲ. ಒಂದರ ಬೆಲೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡೋದೇ ತಪ್ಪು.

ಬೆಲೆಯನ್ನು ಒಟ್ಟು ಸಂಖ್ಯೆಯಿಂದ ಗುಣಿಸಿದರೆ ಬರೋದೇ ಮಾರ್ಕೆಟ್ ಕ್ಯಾಪ್. ಇಡೀ ಆಸ್ತಿ ಎಷ್ಟು ದೊಡ್ಡದು ಅಂತ ಹೇಳೋದು ಅದು. ಒಂದು ಷೇರಿನ ಅಥವಾ ಕಾಯಿನ್‌ನ ಬೆಲೆ ಹೇಳೋದು ಬರೀ ಒಂದು ತುಂಡಿನ ಬೆಲೆ. ಹೋಳಿಗೆಯನ್ನು ನಾಲ್ಕು ತುಂಡು ಮಾಡಿದರೂ ನಲವತ್ತು ತುಂಡು ಮಾಡಿದರೂ ಹೋಳಿಗೆ ಅಷ್ಟೇ ಅಲ್ವಾ?

ಭಾವ ಅಗ್ಗ ಅಂದುಕೊಂಡ ಅರ್ಧ ಪೈಸೆಯನ್ನೇ ಹೀಗೆ ಗುಣಿಸಿ ನೋಡಿ. 550 ಲಕ್ಷ ಕೋಟಿ ಕಾಯಿನ್, ತಲಾ ಅರ್ಧ ಪೈಸೆ. 2.75 ಲಕ್ಷ ಕೋಟಿ ರೂಪಾಯಿ ಆಗುತ್ತೆ. ಅದೇ ಸಮಯದಲ್ಲಿ ಮಾರುತಿ ಸುಜುಕಿಯ ಒಂದು ಷೇರು ಸುಮಾರು 7,500 ರೂಪಾಯಿ ಇತ್ತು. ಷೇರುಗಳ ಸಂಖ್ಯೆ ಸುಮಾರು 30 ಕೋಟಿ. ಒಟ್ಟು 2.25 ಲಕ್ಷ ಕೋಟಿ. ಅಂದರೆ ಭಾವ ಕೊಂಡ ದಿನವೇ ಆ ಅರ್ಧ ಪೈಸೆಯ ಕಾಯಿನ್ ಮಾರುತಿ ಕಂಪನಿಗಿಂತ ದುಬಾರಿಯಾಗಿತ್ತು. ದೇಶದಲ್ಲೇ ಅತಿ ಹೆಚ್ಚು ಕಾರು ಮಾರುವ ಕಂಪನಿಗಿಂತ! ಈ ಗುಣಾಕಾರ ತೋರಿಸಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಾದರು. ಗ್ರೂಪಿನಲ್ಲಿ ಕೇಳಿದರು. ಅಡ್ಮಿನ್ ಹೇಳಿದ, "ಕಾಯಿನ್ ಬರ್ನ್ ಮಾಡ್ತಾರೆ ಸರ್, ಸಂಖ್ಯೆ ಕಡಿಮೆ ಆಗುತ್ತೆ."

ಬರ್ನ್ ಅನ್ನೋದು ಸುಳ್ಳಲ್ಲ. ಯಾರೂ ತೆಗೆಯಲಾಗದ ವಿಳಾಸಕ್ಕೆ ಕಾಯಿನ್ ಕಳಿಸಿಬಿಡೋದು ಅದು. ಎಥೀರಿಯಂ ಅನ್ನುವ ಇನ್ನೊಂದು ಕ್ರಿಪ್ಟೋ ಜಾಲ ಹುಟ್ಟುಹಾಕಿದವರಲ್ಲಿ ಒಬ್ಬರಾದ ವಿಟಾಲಿಕ್ ಬ್ಯುಟೆರಿನ್‌ಗೆ ಶಿಬಾದವರು ಒಟ್ಟು ಕಾಯಿನ್‌ಗಳಲ್ಲಿ ಅರ್ಧ ಕಳಿಸಿದ್ದರು. ಅವರು 2021ರ ಮೇ ತಿಂಗಳಲ್ಲಿ ಸುಮಾರು 410 ಲಕ್ಷ ಕೋಟಿ ಬರ್ನ್ ಮಾಡಿದರು, 50 ಲಕ್ಷ ಕೋಟಿಯನ್ನು ಭಾರತದ ಕೋವಿಡ್ ನಿಧಿಯೊಂದಕ್ಕೆ ಕೊಟ್ಟರು. ಆದರೆ ನಾನು ಹೇಳಿದ 550 ಲಕ್ಷ ಕೋಟಿ ಆ ಬರ್ನ್ ಆದ ಮೇಲೆ ಉಳಿದದ್ದು. ಒಟ್ಟು ಬೆಲೆ 2.75 ಲಕ್ಷ ಕೋಟಿಯಲ್ಲೇ ಇದ್ದು ಒಂದು ಕಾಯಿನ್ ಒಂದು ರೂಪಾಯಿ ಆಗಬೇಕಾದರೆ, ಪ್ರತಿ 200 ಕಾಯಿನ್‌ಗಳಲ್ಲಿ 199 ನಾಶ ಆಗಬೇಕು. ಅವು ಇರೋದು ಭಾವನಂಥ ಜನರ ವಾಲೆಟ್‌ಗಳಲ್ಲಿ. ಯಾರು ಸುಡುತ್ತಾರೆ?

2022ರ ಜೂನ್ ಹೊತ್ತಿಗೆ ಬೆಲೆ ಎಂಟನೇ ಒಂದು ಭಾಗಕ್ಕೆ ಇಳಿಯಿತು. ಎರಡು ಲಕ್ಷ ಸುಮಾರು 25 ಸಾವಿರ ಆಯಿತು. ಅಷ್ಟಕ್ಕೇ ಮಾರಿ ಹೊರಬಂದರು. ಕ್ರಿಪ್ಟೋದಲ್ಲಿ ಆದ ನಷ್ಟವನ್ನು ಬೇರೆ ಯಾವ ಆದಾಯದ ಎದುರಿಗೂ ತೋರಿಸೋಕೆ ತೆರಿಗೆ ನಿಯಮ ಬಿಡಲ್ಲ, ಅದೂ ಹೋಯಿತು. ಬಳೆ ಬಿಡಿಸೋಕೆ ಅಕ್ಕ ಚೀಟಿ ಎತ್ತಬೇಕಾಯಿತು. ನನಗೆ ಆ ಅಡ್ಮಿನ್ ಮೇಲೆ ಈಗಲೂ ಸಿಟ್ಟಿದೆ.

ಈಗ ಅದೇ ಥರದ ಗ್ರೂಪುಗಳು ಷೇರಿಗೆ ಬಂದಿವೆ. "ಎಂಆರ್‌ಎಫ್ ಒಂದು ಲಕ್ಷ ಆಗಿದೆ, ಈ ಏಳು ರೂಪಾಯಿ ಷೇರು ನೂರು ಆಗಲ್ವಾ?" ಅನ್ನೋದು ಹೊಸ ಮಾತು. ಇದನ್ನೂ ಗುಣಿಸಿ. ಎಂಆರ್‌ಎಫ್ ಷೇರು ಒಂದು ಲಕ್ಷ ದಾಟಿದ್ದು 2023ರ ಜೂನ್‌ನಲ್ಲಿ. ಕಂಪನಿಯ ಷೇರುಗಳು ಬರೀ 42.4 ಲಕ್ಷ, ಹಾಗಾಗಿ ಒಟ್ಟು 42,400 ಕೋಟಿ ರೂಪಾಯಿ. ಅದೇ ತಿಂಗಳು ವೊಡಾಫೋನ್ ಐಡಿಯಾ ಷೇರು ಏಳೆಂಟು ರೂಪಾಯಿಗೆ ಸಿಗುತ್ತಿತ್ತು. ಅದರ ಷೇರುಗಳು ಸುಮಾರು 4,868 ಕೋಟಿ. ಒಟ್ಟು 36,000 ಕೋಟಿಯ ಆಸುಪಾಸು. ಒಂದು ಲಕ್ಷದ ಷೇರು, ಏಳು ರೂಪಾಯಿಯ ಷೇರು, ಆದರೆ ಎರಡು ಕಂಪನಿಗಳ ಗಾತ್ರದಲ್ಲಿ ಅಂಥಾ ವ್ಯತ್ಯಾಸವೇ ಇಲ್ಲ.

ಇನ್ನೂ ಒಂದು ವಿಷಯ, ಇದನ್ನು ಬೆಲೆಯ ಗ್ರಾಫ್ ತೋರಿಸೋದೇ ಇಲ್ಲ. ಷೇರುಗಳ ಸಂಖ್ಯೆ ನಿಂತ ಹಾಗೆ ನಿಲ್ಲಲ್ಲ. ವೊಡಾಫೋನ್ ಐಡಿಯಾ 2024ರಲ್ಲಿ ಹೊಸ ಷೇರು ಮಾರಿ 18,000 ಕೋಟಿ ಎತ್ತಿತು, 2025ರಲ್ಲಿ ಸರ್ಕಾರಕ್ಕೆ ಕೊಡಬೇಕಿದ್ದ ಬಾಕಿಯಲ್ಲಿ ಸುಮಾರು 36,950 ಕೋಟಿಯನ್ನು ಷೇರಾಗಿ ಬದಲಾಯಿಸಿದರು. ಸಂಖ್ಯೆ 10,800 ಕೋಟಿ ದಾಟಿತು. 2025ರ ಮಧ್ಯದಲ್ಲಿ ಬೆಲೆ ಮತ್ತೆ ಏಳರ ಹತ್ತಿರವೇ ಇತ್ತು. ಬೆಲೆ ಮಾತ್ರ ನೋಡಿದವರಿಗೆ ಎರಡು ವರ್ಷದಲ್ಲಿ ಏನೂ ಆಗಿಲ್ಲ ಅನ್ನಿಸುತ್ತೆ. ಮಾರ್ಕೆಟ್ ಕ್ಯಾಪ್ ಮಾತ್ರ ಎರಡರಷ್ಟಾಗಿತ್ತು, ಹಳೆಯ ಷೇರುದಾರನ ಪಾಲು ಅರ್ಧಕ್ಕಿಂತ ಕಡಿಮೆ ಆಗಿತ್ತು.

ಹಾಗಾಗಿ ಯಾರಾದರೂ ಟಾರ್ಗೆಟ್ ಹೇಳಿದರೆ ಮೊದಲು ಆ ಟಾರ್ಗೆಟ್ ಬೆಲೆಯನ್ನು ಒಟ್ಟು ಸಂಖ್ಯೆಯಿಂದ ಗುಣಿಸಿ. ಷೇರಿನ ಮಾರ್ಕೆಟ್ ಕ್ಯಾಪ್ ಎನ್‌ಎಸ್‌ಇ ವೆಬ್‌ಸೈಟಿನಲ್ಲೇ ಸಿಗುತ್ತೆ, ಅದನ್ನು ಬೆಲೆಯಿಂದ ಭಾಗಿಸಿದರೆ ಷೇರುಗಳ ಸಂಖ್ಯೆ ಬರುತ್ತೆ. ಕಾಯಿನ್ ಆದರೆ ಈಗ ಎಷ್ಟು ಚಲಾವಣೆಯಲ್ಲಿವೆ ಅಂತ ಹೇಳುವ Circulating Supply ಜೊತೆಗೆ, ಹೆಚ್ಚೆಂದರೆ ಎಷ್ಟು ಆಗಬಹುದು ಅಂತ ಹೇಳುವ Max Supply ಕೂಡ ನೋಡಿ. ಎರಡರ ನಡುವೆ ಅಂತರ ಜಾಸ್ತಿ ಇದ್ದರೆ ಇನ್ನೂ ರಾಶಿ ಕಾಯಿನ್ ಮಾರುಕಟ್ಟೆಗೆ ಬರೋದಿದೆ ಅಂತ ಅರ್ಥ.

ಸಣ್ಣ ಕಾಯಿನ್‌ಗಳಲ್ಲಿ ಮಾರ್ಕೆಟ್ ಕ್ಯಾಪ್ ಅನ್ನೂ ಕಣ್ಣುಮುಚ್ಚಿ ನಂಬಬೇಡಿ. ಅದು ಕಾಯಿನ್ ಒಳಗೆ ಕೂತಿರುವ ದುಡ್ಡಲ್ಲ, ಕೊನೆಗೆ ನಡೆದ ವ್ಯಾಪಾರದ ಬೆಲೆಯನ್ನು ಎಲ್ಲದಕ್ಕೂ ಹಚ್ಚಿದ್ದು. ಯಾರೋ ಒಬ್ಬ 100 ಕೋಟಿ ಕಾಯಿನ್ ಮಾಡಿ, ಗೆಳೆಯನಿಗೆ ಒಂದನ್ನು ಹತ್ತು ರೂಪಾಯಿಗೆ ಮಾರಿದರೆ ಲೆಕ್ಕದಲ್ಲಿ 1,000 ಕೋಟಿ ಬಂದುಬಿಡುತ್ತೆ. ದಿನಕ್ಕೆ ಎಷ್ಟು ರೂಪಾಯಿಯ ವ್ಯಾಪಾರ ನಡೆಯುತ್ತಿದೆ ಅಂತ ಮಾರ್ಕೆಟ್ ಕ್ಯಾಪ್ ಪಕ್ಕದಲ್ಲೇ ಇರುತ್ತೆ, ಅದನ್ನೂ ನೋಡಿ. ಸಾವಿರ ಕೋಟಿ ಅಂತ ತೋರಿಸುವ ಕಾಯಿನ್‌ನಲ್ಲಿ ದಿನದ ವ್ಯಾಪಾರ ಕೆಲವೇ ಸಾವಿರ ರೂಪಾಯಿ ಇದ್ದರೆ, ನೀವು ಮಾರಲು ಹೋದ ದಿನ ಆ ಬೆಲೆಗೆ ಕೊಳ್ಳುವವರು ಇರಲ್ಲ.